ಅಡಿಗೆಮನೆ ಗಡಿಯಾರದಲ್ಲಿ ಹತ್ತು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಫೆಸ್ ನಗರದ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರೂ ನನಗಾಗಿ ಹೇಳುವುದಿಲ್ಲ. ಆಂಬುಲೆನ್ಸಿನ ನರ್ಸುಗಳು ಬರೆಯುವ ಹಾಳೆಗಳನ್ನು ನೀವು ನೋಡಿರಲಿಕ್ಕಿಲ್ಲ. ಕೆಲವರದು ಕೋಳಿ ಕೆದಕಿದ ಹಾಗಿರುತ್ತದೆ. ನನ್ನದನ್ನು ಶಾಲೆಯ ಗೋಡೆಗೆ ಅಂಟಿಸಬಹುದು. ರೋಗಿ ಎಲ್ಲಿದ್ದ, ಹೇಗಿದ್ದ, ಸುತ್ತ ಏನಿತ್ತು, ನಾವೇನು ಮಾಡಿದೆವು, ಏನು ಮಾಡಲಿಲ್ಲ, ಯಾವುದು ಎಷ್ಟು ಹೊತ್ತಿಗೆ, ಅದನ್ನು ಹೇಳಿದವರು ಯಾರು, ಎಲ್ಲವೂ ಅದರದರ ಚೌಕದಲ್ಲಿ ಇರುತ್ತದೆ. ಮೇಲಿನ ಹಾಳೆ ಆಸ್ಪತ್ರೆಗೆ, ಅಡಿಯ ಕಾರ್ಬನ್ ಪ್ರತಿ ನಮ್ಮ ಗಾಡಿಗೆ. ನಮ್ಮ ಡ್ರೈವರ್ ಅಲ್ಲಾಲ್ ನನ್ನನ್ನು 'ಪ್ರೊಫೆಸರ್ ಗಿಜ್ಲಾನ್' ಎಂದು ಕರೆಯುವುದು ಇದಕ್ಕೇ. ಅವನು ಅದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ ಅನ್ನುವುದು ನನಗೆ ಗೊತ್ತು.

ಆ ಹಾಳೆಯನ್ನು ತೆಗೆದುಕೊಂಡು ಸಹಿ ಹಾಕುವವರು ಡಾಕ್ಟರ್ ಬೆರ್ರಾದಾ. ಬೇರೆ ಡಾಕ್ಟರುಗಳು ಓದದೆಯೇ ಗೀಚಿ ಕಳಿಸುತ್ತಾರೆ. ಈ ಮನುಷ್ಯ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ನನ್ನತ್ತೆ ಬೇಳೆಯಲ್ಲಿ ಕಲ್ಲು ಹುಡುಕುವ ಹಾಗೆ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಅವರು ಕೊನೆಯ ಸಾಲಿನವರೆಗೆ ಓದದೆ ಸಹಿ ಹಾಕುವುದಿಲ್ಲ, ಅವರು ಸಹಿ ಹಾಕುವವರೆಗೆ ನಾನು ಅಲ್ಲಾಡುವುದಿಲ್ಲ. ಹೀಗಾಗಿ ನಮ್ಮಿಬ್ಬರ ನಡುವೆ ಒಂದು ಸಣ್ಣ ಯುದ್ಧ ವರ್ಷಗಳಿಂದ ನಡೆಯುತ್ತಲೇ ಇದೆ. ಅಂದಿನವರೆಗೆ ನನ್ನ ಹಾಳೆಯಲ್ಲಿ ಒಂದು ಅಕ್ಷರವನ್ನೂ ಹೊಡೆದು ಹಾಕಿಸಲು ಅವರಿಂದ ಆಗಿರಲಿಲ್ಲ.

ಅದು ಮೇ ತಿಂಗಳ ಒಂದು ಮಧ್ಯಾಹ್ನ. ಕಂಟ್ರೋಲ್ ರೂಮಿನಿಂದ ಕರೆ ಬಂತು. ಬಾಬ್ ಗಿಸ್ಸಾ ಕೋಟೆಬಾಗಿಲಿನ ಒಳಗಿನ ಗಲ್ಲಿ, ವಯಸ್ಸಾದ ಗಂಡಸು, ಬಾಯಿ ಸೊಟ್ಟಗಾಗಿದೆ, ಮಾತಿಲ್ಲ. ಅವರಿಗೆ ಫೋನ್ ಬಂದ ಹೊತ್ತು ಎರಡು ಗಂಟೆ ನಾಲ್ಕು ನಿಮಿಷ. ಅದನ್ನು ಹಾಳೆಯ ತಲೆಯಲ್ಲಿ ಬರೆದುಕೊಂಡೆ. ಹಳೇ ಊರಿನೊಳಗೆ ನಮ್ಮ ಗಾಡಿ ಹೋಗುವುದಿಲ್ಲ, ಕತ್ತೆ, ಹೇಸರಗತ್ತೆಗಳಷ್ಟೇ ಹೋಗುತ್ತವೆ. ಕೋಟೆಬಾಗಿಲ ಹತ್ತಿರ ಗಾಡಿ ನಿಲ್ಲಿಸಿ, ಮಡಿಸುವ ಸ್ಟ್ರೆಚರನ್ನು ಹೆಗಲಿಗೇರಿಸಿಕೊಂಡು, ಪುದೀನ ಮಾರುವವರನ್ನೂ ಗ್ಯಾಸ್ ಸಿಲಿಂಡರ್ ಹೊತ್ತ ಕತ್ತೆಗಳನ್ನೂ ತಳ್ಳಿಕೊಂಡು ಇಳಿದೆವು.

"ದಾರಿ! ದಾರಿ ಬಿಡ್ರೋ!" ಎಂದು ಅಲ್ಲಾಲ್ ಕೂಗುತ್ತಿದ್ದ.

"ಯಾರ ಮನೆಗಪ್ಪಾ?" ಎಂದು ಒಬ್ಬ ಚಪ್ಪಲಿ ಹೊಲಿಯುವವ ಕೇಳಿದ.

ನಾನು ಮನೆ ಹೇಳಿದೆ, ಮಾತು ನಿಂತಿದೆಯಂತೆ ಅಂತಲೂ ಹೇಳಿದೆ. ಆತ ಎದ್ದು ನಿಂತ. "ಬಾ ಬುಶ್ತಾಗಾ? ಅವರ ಬಾಯಿ ನಿಂತುಹೋಯ್ತಾ? ಸುಮ್ನಿರಮ್ಮ! ಊರೇ ನಿಂತ್ರೂ ಅದು ನಿಲ್ಲಲ್ಲ."

'ಬಾ' ಅಂದರೆ ನಮ್ಮಲ್ಲಿ ಅಪ್ಪ ಅಂತ. ಆಗ ನನಗೆ ಹೊಳೆಯಿತು. ಬುಶ್ತಾ ಅಂದರೆ ಹರಾಜಿನ ಬುಶ್ತಾ. ಕಂಬಳಿ ಸಂತೆಯಲ್ಲಿ ರತ್ನಗಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಅಂಗಡಿಯಿಂದ ಅಂಗಡಿಗೆ ನಡೆಯುತ್ತಾ, ಬೆರಳೆತ್ತಿ ಬೆಲೆ ಏರಿಸುವ ಹರಾಜುಗಾರ. ಐವತ್ತು ವರ್ಷ ಆ ಗಂಟಲು ಆ ಸಂತೆಯನ್ನು ಆಳಿದೆ. ನಾನು ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದು ಅವರ ಕೂಗು ಕೇಳಲೆಂದೇ ನಿಲ್ಲುತ್ತಿದ್ದೆ. ಅಂಥವರ ಮಾತು ಹೋಗಿದೆ ಎಂದು ತಿಳಿದದ್ದೇ ನಾನು ಇನ್ನೂ ಬಿರಬಿರನೆ ನಡೆದೆ.

ಅಂಗಳದ ಪಕ್ಕದ ಕೋಣೆಯಲ್ಲಿ ಉದ್ದನೆಯ ದಿವಾನದ ಮೇಲೆ ಬುಶ್ತಾ ಒರಗಿದ್ದರು. ಬಾಯಿಯ ಬಲ ಮೂಲೆ ಜೋತಿತ್ತು. ಕಣ್ಣು ಮಾತ್ರ ನೆಟ್ಟಗೆ, ಕೋಪದಿಂದ, ಎಲ್ಲರನ್ನೂ ನೋಡುತ್ತಿತ್ತು. ಸುತ್ತ ಐದಾರು ಹೆಂಗಸರು. ಒಬ್ಬಳು ಮೂಗಿಗೆ ಈರುಳ್ಳಿ ಹಿಡಿದಿದ್ದಳು, ಇನ್ನೊಬ್ಬಳು ಮುಖಕ್ಕೆ ಕಿತ್ತಳೆ ಹೂವಿನ ನೀರು ಎರಚಿದ್ದಳು, ಯಾರೋ ಬಲಗೈಗೆ ಬೀಗದ ಕೈ ತುರುಕಿದ್ದರು. ಆ ಕೈ ಅದನ್ನು ಹಿಡಿಯಲಾರದೆ ಬೀಳಿಸಿತ್ತು. ಪಕ್ಕದಲ್ಲಿ ಅವರ ಹೆಂಡತಿ ಲಲ್ಲಾ ಶಾಮಾ ಬರಿಗಾಲಲ್ಲಿ ನಿಂತಿದ್ದರು. ಹಮ್ಮಾಮಿನಲ್ಲಿ, ಅಂದರೆ ಬೀದಿಯ ಬಿಸಿನೀರ ಸ್ನಾನದ ಮನೆಯಲ್ಲಿ, ಹಚ್ಚಿಕೊಂಡ ಜೇಡಿಮಣ್ಣಿನ ಒಂದು ಗೆರೆ ಇನ್ನೂ ಕಿವಿಯ ಹಿಂದೆ ಒಣಗಿ ಕೂತಿತ್ತು.

"ಬಾಯಿಗೇನಾದ್ರೂ ಹಾಕಿದ್ರಾ? ನೀರು? ಸಕ್ಕರೆ?" ಎಂದು ಕೇಳಿದೆ.

"ಸಕ್ಕರೆ ನೀರು ಕಲ್ಸಿದ್ದೆ, ಇನ್ನೇನು ಹಾಕ್ಬೇಕು..." ಎಂದಳು ಪಕ್ಕದ ಮನೆಯ ಮಹಜೂಬಾ, ಲೋಟ ತೋರಿಸುತ್ತಾ.

"ನೀವೇ ಕುಡೀರಿ. ಅವರಿಗೆ ಒಂದು ತೊಟ್ಟೂ ಬೇಡ. ನುಂಗೋಕೆ ಆಗ್ದಿದ್ರೆ ಶ್ವಾಸಕ್ಕೆ ಹೋಗುತ್ತೆ."

ಅವಳು ನಿಜವಾಗಿಯೂ ಕುಡಿದುಬಿಟ್ಟಳು.

ನಾನು ಕೆಲಸಕ್ಕಿಳಿದೆ. ನಗಲು ಹೇಳಿದೆ, ಮುಖದ ಎಡಭಾಗ ಮಾತ್ರ ಮೇಲೆ ಹೋಯಿತು. ಎರಡೂ ಕೈ ಎತ್ತಲು ಹೇಳಿದೆ, ಬಲಗೈ ತೊಪ್ಪನೆ ಬಿತ್ತು. ಹೆಸರು ಕೇಳಿದರೆ ಗಂಟಲಲ್ಲಿ ಬರೀ ಗೊರಗೊರ. ಆದರೆ ಕಣ್ಣು ಮುಚ್ಚಿ ಅಂದರೆ ಮುಚ್ಚಿದರು, ತೆರೆಯಿರಿ ಅಂದರೆ ತೆರೆದರು. ಅಂದರೆ ಕೇಳುವುದೂ ತಿಳಿಯುವುದೂ ಎಲ್ಲ ಇದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ. ರಕ್ತದ ಒತ್ತಡ ಸ್ವಲ್ಪ ಹೆಚ್ಚಿತ್ತು, ಅದನ್ನು ಇಳಿಸುವ ಗೋಜಿಗೆ ಹೋಗಲಿಲ್ಲ. ನಾಡಿಯ ಲಯ ತಪ್ಪಿತ್ತು. ಬೆರಳು ಚುಚ್ಚಿ ಸಕ್ಕರೆ ನೋಡಿದೆ, ಸರಿಯಾಗಿತ್ತು. ಸಕ್ಕರೆ ಇಳಿದವರಿಗೂ ಒಮ್ಮೊಮ್ಮೆ ಹೀಗೇ ಆಗುತ್ತದೆ, ಹಾಗಾಗಿ ಅದನ್ನು ನೋಡದೆ ಹೊರಡುವಂತಿಲ್ಲ. ಉಸಿರು ಚೆನ್ನಾಗಿದ್ದುದರಿಂದ ಆಮ್ಲಜನಕ ಕೊಡಲಿಲ್ಲ. ಎಡಗೈಗೆ ಸೂಜಿ ಹಾಕಿದೆ. ಮಾತ್ರೆಗಳ ಚೀಲ ತರಿಸಿ ನೋಡಿದೆ. ಬರೀ ಒತ್ತಡದ ಮಾತ್ರೆ, ರಕ್ತ ತೆಳು ಮಾಡುವಂಥದ್ದು ಯಾವುದೂ ಇಲ್ಲ.

ಆಮೇಲೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೆದುಳಿನ ನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಮದ್ದು ಆಸ್ಪತ್ರೆಯಲ್ಲಿದೆ. ಆದರೆ ರೋಗಿ ಸರಿಯಾಗಿದ್ದುದನ್ನು ಕೊನೆಯ ಸಲ ನೋಡಿದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ತಲೆಯೊಳಗೆ ರಕ್ತ ಸೋರುವ ಭಯವೇ ಹೆಚ್ಚು.

"ಲಲ್ಲಾ ಶಾಮಾ, ಇವರು ಚೆನ್ನಾಗಿದ್ದದ್ದನ್ನ ಕೊನೇ ಸಲ ನೋಡಿದ್ದು ಎಷ್ಟು ಹೊತ್ತಿಗೆ?"

"ಹತ್ತು ಗಂಟೆಗೆ ಮಗಳೇ. ಹಮ್ಮಾಮಿಗೆ ಹೊರಟೆ. 'ಮೂರು ಗಂಟೆ ಹೊತ್ತು ತಿಕ್ಕಿಕೊಳ್ಳೋಕೆ ನೀನೇನು ತಾಮ್ರದ ಪಾತ್ರೆನಾ' ಅಂತ ಬಾಯಿ ಮಾಡಿದ್ರು. ಬಾಯಿ ಮಾಡಿದ್ರು ಅಂದ್ಮೇಲೆ ಚೆನ್ನಾಗೇ ಇದ್ರು ಅಂತ ತಾನೆ?"

"ಹತ್ತೇನಾ? ಗ್ಯಾರಂಟಿನಾ?"

"ಅಡಿಗೆಮನೆ ಗಡಿಯಾರ ನೋಡ್ಕೊಂಡೇ ಹೊರಟಿದ್ದು. ಕಣ್ಣು ನೆಟ್ಟಗಿದೆ ನಂಗೆ. ಒಂದು ಗಂಟೆಗೆ ವಾಪಸ್ ಬಂದೆ, ಹೀಗೆ ಬಿದ್ದಿದ್ರು. ತಕ್ಷಣ ಮಹಜೂಬಾ ಕೈಲಿ ಫೋನ್ ಮಾಡಿಸ್ದೆ."

ಆಗ ದಿವಾನದಿಂದ ಗೊರಗೊರ ಸದ್ದು ಬಂತು. ಬುಶ್ತಾ ಎಡಗೈಯ ತೋರುಬೆರಳನ್ನು ಮೇಲಕ್ಕೆತ್ತಿ ಅಲ್ಲಾಡಿಸುತ್ತಿದ್ದರು.

ಹೆಂಗಸರು ಎದೆಗೆ ಕೈಯಿಟ್ಟುಕೊಂಡರು. ಸಾಯುವ ಹೊತ್ತಿಗೆ ಮಾತಾಡಲಾಗದವರು ದೇವರೊಬ್ಬನೇ ಎಂದು ಬೆರಳೆತ್ತಿ ಸಾಕ್ಷಿ ಹೇಳುತ್ತಾರಲ್ಲ, ಅದೇ ಅಂದುಕೊಂಡರು. ಕೋಣೆಯ ತುಂಬ ಪ್ರಾರ್ಥನೆ ಎದ್ದಿತು. ನಮ್ಮ ಅಲ್ಲಾಲ್ ಕೂಡ ಸ್ಟ್ರೆಚರ್ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾ ಶುರುಮಾಡಿದ. ಬುಶ್ತಾ ಎಲ್ಲರನ್ನೂ ನೋಡಿ, ಕಣ್ಣು ಮೇಲೆ ಮಾಡಿ, ಬೆರಳನ್ನು ಇನ್ನೂ ಜೋರಾಗಿ ಅಲ್ಲಾಡಿಸಿದರು. ಪ್ರಾರ್ಥನೆಯೂ ಅಷ್ಟೇ ಜೋರಾಯಿತು.

"ಸಾಕು ನಿಲ್ಸಿ! ಯಾರೂ ಸಾಯ್ತಾ ಇಲ್ಲ ಇಲ್ಲಿ!" ಎಂದು ಗದರಿದೆ. "ಅಲ್ಲಾಲ್, ಕಾಲ ಕಡೆ ಹಿಡಿ."

"ಪುಣ್ಯಾತ್ಮ," ಎಂದು ಮಹಜೂಬಾ ಬಿಕ್ಕಿದಳು. "ಈ ಗಂಡ ಹೆಂಡ್ತಿ ನಲವತ್ತು ವರ್ಷದಲ್ಲಿ ಒಂದು ಮಾತಿಗೂ ಒಪ್ಪಿದವರಲ್ಲ ಕಣಮ್ಮ. ಹೊತ್ತೆಷ್ಟು ಅನ್ನೋದಕ್ಕೂ ಜಗಳ ಇವರಿಗೆ."

ಅವಳ ಮಾತಿಗೆ ನಾನು ಕಿವಿಗೊಡಲಿಲ್ಲ. ಅಂಥ ಮಾತು ಪ್ರತಿ ಮನೆಯಲ್ಲೂ ಕೇಳುತ್ತೇವೆ. ಗಲ್ಲಿಯ ನಾಲ್ವರು ಗಂಡಸರು ಸ್ಟ್ರೆಚರಿಗೆ ಹೆಗಲು ಕೊಟ್ಟರು, ಲಲ್ಲಾ ಶಾಮಾ ಮಹಜೂಬಾಳ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿಬಂದರು. ಗಾಡಿಯಲ್ಲಿ ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸಿದೆ, ಸ್ಟ್ರೋಕಿನ ರೋಗಿ ಬರುತ್ತಿದ್ದಾರೆಂದು ಆಸ್ಪತ್ರೆಗೆ ಮುಂಚೆಯೇ ತಿಳಿಸಿದೆ. ಆಮೇಲೆ ಮೊಣಕಾಲ ಮೇಲೆ ಹಲಗೆಯಿಟ್ಟು ಹಾಳೆ ತುಂಬಿಸಿದೆ. ಈರುಳ್ಳಿ, ಹೂವಿನ ನೀರು, ಬೀಗದ ಕೈ, ಬಾಯಿಗೆ ಏನೂ ಹಾಕಿಲ್ಲ. 'ಸರಿಯಿದ್ದುದನ್ನು ಕೊನೆಗೆ ಕಂಡದ್ದು 10:00, ಹೇಳಿದವರು ಹೆಂಡತಿ, ಅಡಿಗೆಮನೆ ಗಡಿಯಾರದಲ್ಲಿ.' 'ಕಂಡು ಹಿಡಿದದ್ದು 13:00, ತಕ್ಷಣ ಕರೆ ಮಾಡಿಸಿದ್ದಾರೆ.' 'ಹೇಳಿದ್ದು ತಿಳಿಯುತ್ತದೆ. ಹೆಂಡತಿ ಮಾತಾಡಿದಾಗಲೆಲ್ಲ ಎಡ ತೋರುಬೆರಳು ಎತ್ತುತ್ತಾರೆ.' ಕೊನೆಯದನ್ನು ಯಾಕೆ ಬರೆದೆ ಅಂದರೆ, ಕಂಡದ್ದನ್ನು ಬರೆಯುವುದು ನನ್ನ ಅಭ್ಯಾಸ. ಕಂಡದ್ದರ ಅರ್ಥ ಬಿಡಿಸುವುದಕ್ಕೆ ಡಾಕ್ಟರುಗಳಿಗೆ ಸಂಬಳ ಕೊಡುತ್ತಾರೆ.

ಮೂರಕ್ಕೆ ಹನ್ನೆರಡು ನಿಮಿಷವಿದ್ದಾಗ ನಾವು ತುರ್ತು ವಿಭಾಗದ ಬಾಗಿಲಲ್ಲಿದ್ದೆವು. ಡಾಕ್ಟರ್ ಬೆರ್ರಾದಾ ಕಾಯುತ್ತಿದ್ದರು. ಬುಶ್ತಾರ ಮುಖ, ಕೈ, ಕಾಲು ನೋಡಿ, ರಕ್ತ ತೆಗೆಯಲು ಹೇಳಿ, ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕನ್ನಡಕ ಹಣೆಗೇರಿಸಿದರು.

"ಸರಿಯಿದ್ದುದನ್ನು ಕೊನೆಗೆ ಕಂಡದ್ದು ಹತ್ತು ಗಂಟೆ," ಎಂದು ಓದಿದರು. ನಿಂತರು. ಗೋಡೆಯ ಗಡಿಯಾರ ನೋಡಿದರು. ಅವರ ಮುಖ ಇಳಿಯಿತು. "ಹತ್ತಕ್ಕೆ ನಾಲ್ಕೂವರೆ ಸೇರಿಸಿದರೆ ಎರಡೂವರೆ. ಆಗಲೇ ಮೀರಿಹೋಯ್ತಲ್ಲಮ್ಮ ಗಿಜ್ಲಾನ್."

ಅದು ನನಗೂ ಗೊತ್ತಿತ್ತು. ಗಾಡಿಯಲ್ಲೇ ಲೆಕ್ಕ ಹಾಕಿದ್ದೆ. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾನೂ ಗೋಡೆಯ ಗಡಿಯಾರ ನೋಡಿದೆ.

"ಏನು ಮೀರಿತು?" ಎಂದರು ಲಲ್ಲಾ ಶಾಮಾ. "ಏನ್ ಹೇಳ್ತಿದ್ದಾರೆ ಇವರು?"

"ಹೆಪ್ಪು ಕರಗಿಸೋ ಮದ್ದು ಕೊಡೋ ಹೊತ್ತು ದಾಟಿದೆ, ಅಮ್ಮ," ಎಂದರು ಡಾಕ್ಟರ್ ಮೆಲ್ಲಗೆ. "ಸ್ಕ್ಯಾನ್ ಮಾಡ್ತೀವಿ, ಬೇರೆ ಚಿಕಿತ್ಸೆ ಎಲ್ಲಾ ಮಾಡ್ತೀವಿ. ಆದ್ರೆ ಆ ಮದ್ದು ಈಗ ಕೊಟ್ರೆ ಒಳ್ಳೇದಕ್ಕಿಂತ ಕೆಟ್ಟದ್ದೇ ಆಗಬಹುದು."

"ಮಾತು ಬರುತ್ತಾ?"

"ಕೆಲವರಿಗೆ ನಿಧಾನವಾಗಿ ಬರುತ್ತೆ. ಕೆಲವರಿಗೆ..." ಅವರು ಮತ್ತೆ ಹಾಳೆಯತ್ತ ನೋಡಿದರು. "ಮದ್ದು ಕೊಟ್ಟಿದ್ರೆ ಆಸೆ ಜಾಸ್ತಿ ಇರ್ತಿತ್ತು."

ಲಲ್ಲಾ ಶಾಮಾ ಗಂಡನ ಮುಖ ನೋಡಿದರು. "ಮಾತಿಲ್ದೆ ಇವರು ಏನು ಮಾಡ್ತಾರೆ?" ಎಂದು ಯಾರನ್ನೂ ಕೇಳದೆ ಕೇಳಿದರು. "ಇವರ ಹತ್ರ ಬೇರೆ ಏನೂ ಇಲ್ಲವಲ್ಲ."

ಸ್ಕ್ಯಾನ್ ಕೋಣೆಯ ಮುಂದೆ ಬೈಕಿನಿಂದ ಬಿದ್ದ ಒಬ್ಬ ಹುಡುಗ ಸರದಿಯಲ್ಲಿದ್ದ. ಹಾಗಿದ್ದರೆ ಅವನಾದ ಮೇಲೆ ಬುಶ್ತಾ. ಇನ್ನು ಅವಸರವಿಲ್ಲ. 'ಅವಸರವಿಲ್ಲ' ಎಂಬ ಮಾತಿನಷ್ಟು ನನಗೆ ಆಗದ ಮಾತು ನಮ್ಮ ಕೆಲಸದಲ್ಲಿ ಬೇರೊಂದಿಲ್ಲ.

ಡಾಕ್ಟರ್ ಓದುವುದನ್ನು ನಿಲ್ಲಿಸಲಿಲ್ಲ. ಇನ್ನೇನು ಉಳಿದಿದೆ ಅಂತ ಓದುತ್ತಾರೋ ಎಂದು ನನಗೆ ಸಿಟ್ಟು ಬಂದಿತ್ತು. ಸಹಿ ಗೀಚಿ ಕಳಿಸಬಾರದೇ? ಅವರು ಹಾಳೆಯನ್ನು ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ನೋಡಿದರು.

"ಗಿಜ್ಲಾನ್, ಇಲ್ಲಿ ಬಾ. ಕಂಡದ್ದು ಒಂದು ಗಂಟೆಗೆ. ತಕ್ಷಣ ಕರೆ. ಮೇಲೆ ನೋಡಿದ್ರೆ ಕರೆ ಬಂದದ್ದು ಎರಡು ನಾಲ್ಕಕ್ಕೆ. ಇದೆಂಥಾ ತಕ್ಷಣ?"

ನನ್ನ ಕಿವಿ ಬಿಸಿಯಾಯಿತು. ಎರಡೂ ನನ್ನ ಕೈಬರಹವೇ. ಎರಡೂ ಮುದ್ದಾಗಿತ್ತು. ಒಂದಕ್ಕೊಂದು ಹೊಂದುತ್ತಿರಲಿಲ್ಲ.

"ಎರಡು ನಾಲ್ಕು ಕಂಟ್ರೋಲ್ ರೂಮಿನ ಯಂತ್ರ ಹೇಳಿದ್ದು, ಡಾಕ್ಟ್ರೇ. ಅದು ತಪ್ಪಲ್ಲ."

"ಹಾಗಾದ್ರೆ ಅಮ್ಮ," ಎಂದು ಅವರು ಲಲ್ಲಾ ಶಾಮಾ ಕಡೆ ತಿರುಗಿದರು, "ಬೇಜಾರು ಮಾಡ್ಕೋಬೇಡಿ. ಇವರನ್ನ ನೋಡಿದ ಮೇಲೆ ಒಂದು ಗಂಟೆ ಹೊತ್ತು ಏನು ಮಾಡ್ತಿದ್ರಿ?"

ಲಲ್ಲಾ ಶಾಮಾ ನೆಟ್ಟಗಾದರು. ಅಷ್ಟು ಹೊತ್ತು ಕುಗ್ಗಿದ್ದ ಹೆಂಗಸು ಎರಡು ಇಂಚು ಬೆಳೆದ ಹಾಗೆ ಕಂಡರು.

"ಒಂದು ಗಂಟೆನಾ? ನಾನಾ? ಏನಯ್ಯಾ ಡಾಕ್ಟ್ರೇ, ನಿನ್ನ ತಾಯಿ ವಯಸ್ಸಿನವಳಿಗೆ ಹೀಗಂತೀಯಾ? ಬಕೆಟ್ ಅಂಗಳದಲ್ಲಿ ಎಸೆದು ಬರಿಗಾಲಲ್ಲಿ ಓಡಿದ್ದೀನಿ! ಮೈಮೇಲಿನ ಜೇಡಿ ಇನ್ನೂ ಹೋಗಿಲ್ಲ, ನೋಡು, ಇಲ್ಲಿ ನೋಡು! ಇವರು ಬಿದ್ದಿರೋದು ನೋಡ್ಕೊಂಡು ನಾನು ಟೀ ಕುದಿಸ್ತಾ ಕೂತಿದ್ನಾ? ಒಂದು ಗಂಟೆಗೆ ಬಂದೆ, ಒಂದು ಗಂಟೆಗೇ ಫೋನು!"

ಸ್ಟ್ರೆಚರಿನಿಂದ ಗೊರಗೊರ ಕೇಳಿಸಿತು. ಎಡಗೈ ಮೇಲೆದ್ದಿತು. ಒಂದು ಬೆರಳು.

ಹಿಂದೆ ನಿಂತಿದ್ದ ಅಲ್ಲಾಲ್ ಮತ್ತೆ ಪ್ರಾರ್ಥನೆಗೆ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಯಾಕೆಂದರೆ ಈ ಸಲ ನಾನು ಬೆರಳನ್ನು ನೋಡಲಿಲ್ಲ, ಮುಖವನ್ನು ನೋಡಿದೆ. ಅದು ದೇವರ ಕಡೆ ಹೊರಟವರ ಮುಖವಾಗಿರಲಿಲ್ಲ. ಹೆಂಡತಿಯ ಮಾತಿಗೆ ತಲೆ ಚಿಟ್ಟು ಹಿಡಿದ ಗಂಡನ ಮುಖವಾಗಿತ್ತು. ಆ ಬೆರಳಿನ ಅಲುಗಾಟವನ್ನು ನಾನು ಎಲ್ಲಿ ನೋಡಿದ್ದೆನೋ ಅದೂ ನೆನಪಾಯಿತು. ಕಂಬಳಿ ಸಂತೆಯಲ್ಲಿ, ಅಮ್ಮನ ಕೈ ಹಿಡಿದು ನಿಂತಾಗ. ಯಾರೋ ಒಂದು ಬೆಲೆ ಹೇಳುತ್ತಾರೆ, ಬುಶ್ತಾ ಬೆರಳೆತ್ತುತ್ತಾರೆ. ಸಾಲದು, ಇನ್ನೊಂದು ಏರಿಸಿ.

ಅವರು ಹರಾಜು ಕೂಗುತ್ತಿದ್ದರು. ಹತ್ತು ಅಂದರೆ ಇನ್ನೊಂದು. ಒಂದು ಅಂದರೆ ಇನ್ನೊಂದು.

"ಲಲ್ಲಾ ಶಾಮಾ!" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಿಮ್ಮ ಅಡಿಗೆಮನೆ ಗಡಿಯಾರ ಯಾವ ಗಂಟೆ? ಹಳೇದಾ, ಹೊಸದಾ?"

"ಹಳೇದೇ ಮತ್ತೆ," ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಸರ್ಕಾರದ ಗಂಟೆ ಸರ್ಕಾರ ಇಟ್ಕೊಳ್ಳಲಿ. ದೇವರು ಕೊಟ್ಟ ಗಂಟೆ ನನ್ನ ಗೋಡೆ ಮೇಲಿದೆ."

ಡಾಕ್ಟರ್ ಬೆರ್ರಾದಾರ ಕನ್ನಡಕ ಹಣೆಯಿಂದ ಮೂಗಿನ ಮೇಲೆ ಜಾರಿತು.

ಇಡೀ ದೇಶದ ಗಡಿಯಾರವನ್ನು ಸರ್ಕಾರ ಒಂದು ಗಂಟೆ ಮುಂದಕ್ಕೆ ತಳ್ಳಿ, ಬರೀ ರಂಜಾನ್ ತಿಂಗಳಿಗೆ ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ತಳ್ಳುತ್ತದಲ್ಲ, ಅದನ್ನು ಒಪ್ಪದ ಮುದುಕಿಯರು ನಮ್ಮೂರಿನ ಪ್ರತಿ ಗಲ್ಲಿಯಲ್ಲೂ ಇದ್ದಾರೆ. ನನ್ನಜ್ಜಿಯೂ ಒಬ್ಬಳು. ಮದುವೆಗೆ ಕರೆದರೆ 'ಹಳೇ ಗಂಟೆಗಾ, ಹೊಸ ಗಂಟೆಗಾ' ಎಂದು ಕೇಳಿಕೊಳ್ಳುವ ಊರು ನಮ್ಮದು. ದರ್ಜಿಯನ್ನು ಕೇಳುತ್ತೇನೆ, ಬಸ್ಸಿನವನನ್ನು ಕೇಳುತ್ತೇನೆ. ಅಂದು ಬುಶ್ತಾರ ಮನೆಯಲ್ಲಿ, ಆ ಪ್ರಾರ್ಥನೆಯ ಗದ್ದಲದಲ್ಲಿ, ಆ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

"ಅಂದ್ರೆ ಇವರು ಹೊರಟದ್ದು ಹನ್ನೊಂದಕ್ಕೆ," ಎಂದೆ. "ವಾಪಸ್ ಬಂದದ್ದು ಎರಡಕ್ಕೆ. ನಾಲ್ಕು ನಿಮಿಷದಲ್ಲಿ ಫೋನು. ಸರಿಹೋಯ್ತಲ್ಲ ಡಾಕ್ಟ್ರೇ! ಮೂರೂವರೆವರೆಗೂ ಸಮಯ ಇದೆ!"

"ಇರು, ಇರು." ಅವರು ಕೈಯೆತ್ತಿದರು. "ನಂಗೂ ಹಾಗೇ ಅನಿಸ್ತಿದೆ. ಆದ್ರೆ ನಾನು ಬೆರಳು ನೋಡಿ ಮದ್ದು ಕೊಡೋಕಾಗಲ್ಲ. ತಪ್ಪಾಗಿದ್ರೆ ತಲೆಯಲ್ಲಿ ರಕ್ತ. ಆ ಗಡಿಯಾರ ಈಗ ಏನು ಹೇಳ್ತಿದೆ ಅಂತ ಯಾರಾದ್ರೂ ನೋಡಿ ಹೇಳ್ಬೇಕು. ಅಷ್ಟರಲ್ಲಿ ಸ್ಕ್ಯಾನ್ ಆಗ್ಲಿ. ಯಾರಲ್ಲಿ, ಮೊದಲು ಇವರು ಒಳಗೆ!"

"ಹೋಗ್ಲಿ, ಹೋಗ್ಲಿ," ಎಂದ ಬೈಕಿನ ಹುಡುಗ, ಸರದಿಯಿಂದ. "ನನ್ನ ಕಾಲೇನು ಎದ್ದು ಓಡಿಹೋಗಲ್ಲ."

ಸ್ಟ್ರೆಚರ್ ಒಳಗೆ ಉರುಳಿತು. ಲಲ್ಲಾ ಶಾಮಾ ಕೊಟ್ಟ ನಂಬರಿನಲ್ಲಿ ನಾನು ಮಹಜೂಬಾಳಿಗೆ ಫೋನ್ ಮಾಡಿದೆ.

"ಮಹಜೂಬಾ, ಲಲ್ಲಾ ಶಾಮಾ ಅಡಿಗೆಮನೆಗೆ ಹೋಗು. ಗೋಡೆ ಗಡಿಯಾರದ ಫೋಟೋ ತೆಗೆದು ಈಗಿಂದೀಗ ಕಳ್ಸು."

"ಗಡಿಯಾರದ್ದಾ? ಬಾ ಬುಶ್ತಾ ಹೋಗ್ಬಿಟ್ರಾ?"

"ಇಲ್ಲ!"

"ಮತ್ತೆ ಗಡಿಯಾರ ಯಾಕೆ?"

"ಮಹಜೂಬಾ, ಓಡು!"

ಒಂದು ನಿಮಿಷಕ್ಕೆ ಫೋಟೋ ಬಂತು. ಮುಕ್ಕಾಲು ಪಾಲು ಮಹಜೂಬಾಳ ಕೆನ್ನೆ, ಮೂಲೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಸರ. ಫೋನನ್ನು ತಿರುಗಿಸಿ ಹಿಡಿದಿದ್ದಳು, ಪುಣ್ಯಾತ್ಗಿತ್ತಿ. ಮತ್ತೆ ಕೂಗಾಡಿದೆ. ಎರಡನೆಯದು ಬಂತು. ಹಸಿರು ಅಂಚಿನ ದುಂಡು ಗಡಿಯಾರ, ನಡುವೆ ಕೊಕ್ಕರೆಯ ಚಿತ್ರ. ಎರಡು ಗಂಟೆಗೆ ನಾಲ್ಕು ನಿಮಿಷ ಬಾಕಿ. ನನ್ನ ಫೋನಿನಲ್ಲಿ ಮೂರಕ್ಕೆ ನಾಲ್ಕು ನಿಮಿಷ ಬಾಕಿ. ಸರಿಯಾಗಿ ಒಂದು ಗಂಟೆ ಹಿಂದೆ.

"ಮನೇಲಿ ಬೇರೆ ಗಡಿಯಾರ ಇದೆಯಾ ಅಮ್ಮ?" ಎಂದು ಡಾಕ್ಟರ್ ಕೇಳಿದರು. "ಹೊರಡುವಾಗ ನೋಡಿದ್ದೂ, ಬಂದಾಗ ನೋಡಿದ್ದೂ ಇದೇನಾ?"

"ಇದೊಂದೇ. ಇವರ ಕೈಗಡಿಯಾರ ಸರ್ಕಾರದ್ದು. ಅದನ್ನ ನಾನು ಹದಿನೈದು ದಿನಕ್ಕೊಮ್ಮೆ ಹಿಂದಕ್ಕೆ ತಿರುಗಿಸ್ತೀನಿ, ಇವರು ಮುಂದಕ್ಕೆ ತಿರುಗಿಸ್ಕೋತಾರೆ." ಆಮೇಲೆ ಅವರ ದನಿ ಸಣ್ಣದಾಯಿತು. "ನನ್ನ ಹಟದಿಂದ ಹೀಗಾಯ್ತಾ, ಮಗಳೇ?"

"ಇನ್ನೂ ಏನೂ ಆಗಿಲ್ಲ," ಎಂದೆ. ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಡಾಕ್ಟರ್ ಹಾಳೆಯನ್ನು ನನ್ನ ಮುಂದೆ ಇಟ್ಟರು. ಪೆನ್ನನ್ನೂ ಇಟ್ಟರು. ತಿದ್ದುವುದಕ್ಕೂ ಒಂದು ಕ್ರಮವಿದೆ. ಬಿಳಿ ಬಣ್ಣ ಬಳಿಯುವ ಹಾಗಿಲ್ಲ, ಗೀಚಿ ಮುಚ್ಚುವ ಹಾಗಿಲ್ಲ. ಹಳೆಯದು ಓದಲು ಸಿಗುವಂತೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಯಾಕೆ ಎಂಬ ಕಾರಣ, ತಿದ್ದಿದ ಹೊತ್ತು, ಸಹಿ. ನಾನು ಹತ್ತರ ಮೇಲೆ ಗೆರೆ ಎಳೆದೆ. ಹನ್ನೊಂದು ಎಂದು ಬರೆದೆ. 'ಮನೆಯ ಗಡಿಯಾರ ಹಳೇ ಗಂಟೆ, ಫೋಟೋ ನೋಡಿ ಖಚಿತ.' ಒಂದರ ಮೇಲೆ ಗೆರೆ, ಎರಡು. ನನ್ನ ಮುದ್ದಾದ ಹಾಳೆಯ ನಡುವೆ ಎರಡು ಗಾಯ. ನಿಜ ಹೇಳಬೇಕೆಂದರೆ, ಅಷ್ಟು ಸಂತೋಷದಿಂದ ನಾನು ಯಾವ ಗೆರೆಯನ್ನೂ ಎಳೆದಿಲ್ಲ.

"ಕೊನೆಗೂ ಒಂದು ತಪ್ಪು ಹಿಡಿದ್ರಿ," ಎಂದೆ.

"ನೀನು 'ಅಡಿಗೆಮನೆ ಗಡಿಯಾರ' ಅಂತ ಬರೀದೇ ಇದ್ದಿದ್ರೆ ಯಾವ ಗಡಿಯಾರ ಅಂತ ಹುಡುಕ್ತಿದ್ವಿ?" ಎಂದರು ಅವರು, ನನ್ನ ಕಡೆ ನೋಡದೆ. ಆ ಮನುಷ್ಯನ ಬಾಯಲ್ಲಿ ಅದು ಹೊಗಳಿಕೆ. ನಾನು ಅದನ್ನು ಹಾಗೇ ತೆಗೆದುಕೊಂಡೆ.

ಸ್ಕ್ಯಾನಿನಲ್ಲಿ ರಕ್ತ ಸೋರಿರಲಿಲ್ಲ. ಮದ್ದು ತೂಕ ನೋಡಿ ಕೊಡಬೇಕು, ತೂಕ ಎಷ್ಟು ಎಂದು ಡಾಕ್ಟರ್ ಕೇಳಿದಾಗ ಲಲ್ಲಾ ಶಾಮಾ, "ಎಪ್ಪತ್ತು ಇರಬಹುದು, ಆದ್ರೆ ತಿನ್ನೋದು ನೂರರ ಲೆಕ್ಕದಲ್ಲಿ" ಎಂದರು. ಅವರ ಲೆಕ್ಕ ಯಾಕೆ ಎಂದು ಬುಶ್ತಾರನ್ನು ತೂಗುವ ಹಾಸಿಗೆಯ ಮೇಲೆ ಹಾಕಿದರು. ಎಪ್ಪತ್ತೊಂದು ಬಂತು. ಮೂರು ಇಪ್ಪತ್ತಕ್ಕೆ ಎಡಗೈಯ ಸೂಜಿಯಲ್ಲಿ, ನಾನು ಬುಶ್ತಾರ ಮನೆಯಲ್ಲಿ ಹಾಕಿದ ಅದೇ ಸೂಜಿಯಲ್ಲಿ, ಮದ್ದು ಹೋಗಲು ಶುರುವಾಯಿತು. ಡಾಕ್ಟರ್ ಬೆರ್ರಾದಾ ನನ್ನ ಹಾಳೆಗೆ ಸಹಿ ಹಾಕಿದರು. ಅಲ್ಲಾಲ್ ಕುಂಟುತ್ತಾ ಗಾಡಿಗೆ ಹೋದ.

"ಪ್ರೊಫೆಸರ್, ನನ್ನ ಕಾಲಿಗೂ ಒಂದು ಹಾಳೆ ಬರೀ," ಎಂದ. "ಘಟನಾ ಸ್ಥಳ ತುರ್ತು ವಿಭಾಗ. ತುಳಿದವರು ನರ್ಸ್."

ಆಮೇಲೆ ಎರಡು ಕರೆಗಳಿದ್ದವು. ಮೆಟ್ಟಿಲು ಜಾರಿದ ಒಬ್ಬ ಹೆಂಗಸು, ಹೊಟ್ಟೆನೋವಿನ ಒಬ್ಬ ಟ್ಯಾಕ್ಸಿಯವ. ಇಬ್ಬರನ್ನೂ 'ಯಾವ ಗಂಟೆ' ಎಂದು ಕೇಳಿದೆ. ಟ್ಯಾಕ್ಸಿಯವನಿಗೆ ಸಿಟ್ಟು ಬಂತು. ಅವನನ್ನು ಒಪ್ಪಿಸಿ, ಸಂಜೆ ಆರರ ಸುಮಾರಿಗೆ, ಒಳಗಿನ ವಾರ್ಡಿಗೆ ಹೋದೆ. ಈ ಮದ್ದು ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಹಾಳೆ ಸರಿಯಿದ್ದ ಮಾತ್ರಕ್ಕೆ ನಾಳ ತೆರೆದುಕೊಳ್ಳಬೇಕೆಂದೇನೂ ಇಲ್ಲ.

ಬುಶ್ತಾ ದಿಂಬಿಗೊರಗಿ ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ಲಲ್ಲಾ ಶಾಮಾ ಕುರ್ಚಿಯ ತುದಿಯಲ್ಲಿ ಕೂತು, ಕಿವಿಗೆ ಫೋನ್ ಒತ್ತಿಕೊಂಡು ಪಿಸುಗುಟ್ಟುತ್ತಿದ್ದರು.

"ಸ್ಟೂಲ್ ಹತ್ತಿದ್ಯಾ ಮಹಜೂಬಾ? ಹಿಂದೆ ಒಂದು ತಿರುಪು ಇದೆ. ಮುಂದಕ್ಕೆ ತಿರುಗಿಸು. ಹೂಂ ಕಣೇ, ನಾನೇ ಹೇಳ್ತಿರೋದು. ಜ್ವರ ಇಲ್ಲ ನಂಗೆ. ಹಟ ಸಾಕು. ಈಗ ಐದು ತೋರಿಸ್ತಿದೆಯಲ್ಲ, ಅದನ್ನ..." ಅವರು ಹೊದ್ದಿದ್ದ ಬಿಳಿ ಶಾಲಿನ ತುದಿಯಿಂದ ಮೂಗೊರೆಸಿಕೊಂಡರು. "ಅದನ್ನ ಎಷ್ಟಕ್ಕೆ ತಿರುಗಿಸಬೇಕು ಅಂದ್ರೆ..."

ಹಾಸಿಗೆಯಿಂದ ಒಂದು ಸದ್ದು ಬಂತು. ಬುಶ್ತಾ ಕಣ್ಣು ಬಿಟ್ಟಿದ್ದರು. ಬಾಯಿಯ ಬಲಮೂಲೆ ಇನ್ನೂ ಸ್ವಲ್ಪ ಜೋತಿತ್ತು. ಹೊದಿಕೆಯ ಮೇಲೆ ಕೈ ಮೆಲ್ಲಗೆ ಅಲುಗಿತು, ನಡುಗಿತು, ಎದ್ದಿತು. ಒಂದು ಬೆರಳು.

ನಾನು ಬೆರಳನ್ನು ನೋಡಿದೆ. ಆಮೇಲೆ ಕೈಯನ್ನು ನೋಡಿದೆ. ಬಲಗೈ.

"ಇ... ಇನ್..." ಎಂದರು ಹರಾಜಿನ ಬುಶ್ತಾ. ನಾಲಿಗೆ ದಪ್ಪವಾಗಿತ್ತು, ಮಾತು ಒದ್ದೆ ಕಂಬಳಿಯ ಹಾಗೆ ಭಾರವಾಗಿತ್ತು. ಉಸಿರೆಳೆದುಕೊಂಡು ಮತ್ತೆ ಎತ್ತಿದರು. "ಇನ್ನೊಂದು."

ಫೋನಿನೊಳಗಿಂದ ಮಹಜೂಬಾ ಕೂಗುತ್ತಿದ್ದಳು. "ಯಾರದು? ಯಾರ ದನಿ ಅದು? ಲಲ್ಲಾ ಶಾಮಾ, ಎಷ್ಟಕ್ಕೆ ಇಡ್ಲಿ?"

ಲಲ್ಲಾ ಶಾಮಾ ಅಳುತ್ತಾ, ನಗುತ್ತಾ, ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆರಕ್ಕೆ," ಎಂದರು ಗಂಡನಿಗೆ. "ತಗೊಂಡೆ. ಆರಕ್ಕೆ ತಗೊಂಡೆ ಕಣ್ರೀ."